ಹೆಂಚಿನ ಲೆಕ್ಕ ನೆಲದ ಮೇಲಲ್ಲ, ಇಳಿಜಾರಿನ ಮೇಲೆ

ಹೆಂಚಿನ ಮಾಡು ಕಟ್ಟಿಸುವವರ ಮೊದಲ ಪ್ರಶ್ನೆ ಎಷ್ಟು ಹೆಂಚು ತರಿಸಬೇಕು ಎಂಬುದು. ಚದರ ಮೀಟರಿಗೆ ಸುಮಾರು 15 ಎಂಬ ಉತ್ತರವೂ ಕೂಡಲೇ ಸಿಗುತ್ತದೆ. ಮಂಗಳೂರು ಹೆಂಚಿಗೆ ಆ ಸಂಖ್ಯೆ ಹೆಚ್ಚುಕಡಿಮೆ ಸರಿಯೇ. ಆದರೆ ಅದು ಎಲ್ಲಿಂದ ಬಂತು, ಯಾವ ಚದರ ಮೀಟರಿಗೆ ಅನ್ವಯಿಸುತ್ತದೆ ಎಂದು ತಿಳಿಯದಿದ್ದರೆ ಲೆಕ್ಕ ನೂರಾರು ಹೆಂಚುಗಳಷ್ಟು ತಪ್ಪಬಹುದು.

ನೇತ್ರಾವತಿಯ ದಡದ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ ಆರಂಭಿಸಿದ ಕಾರ್ಖಾನೆಯಿಂದ ಹರಡಿದ ಈ ಹೆಂಚಿನ ಅಂಚುಗಳಲ್ಲಿ ತೋಡುಗಳಿವೆ. ಒಂದರ ತೋಡಿನಲ್ಲಿ ಇನ್ನೊಂದರ ಏಣು ಕೂರುತ್ತದೆ. ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಹೆಂಚಿನ ಒಂದು ಭಾಗ ಪಕ್ಕದ ಮತ್ತು ಮೇಲಿನ ಹೆಂಚುಗಳ ಅಡಿಗೆ ಹೋಗುತ್ತದೆ. 41 ಸೆಂ.ಮೀ. ಉದ್ದ, 23.5 ಸೆಂ.ಮೀ. ಅಗಲದ ಹೆಂಚು ಮಾಡಿನ ಮೇಲೆ ಮುಚ್ಚುವುದು ಸುಮಾರು 32 ಸೆಂ.ಮೀ. ಉದ್ದ, 21 ಸೆಂ.ಮೀ. ಅಗಲವನ್ನು ಮಾತ್ರ. 0.32ನ್ನು 0.21ರಿಂದ ಗುಣಿಸಿ, ಬಂದ 0.0672ರಿಂದ 1ನ್ನು ಭಾಗಿಸಿದರೆ 14.9. ಹದಿನೈದು ಎಂಬ ಮಾತಿನ ಮೂಲ ಇದು.

ಆ 32 ಸೆಂ.ಮೀ. ಎಂಬುದೇ ಒಂದು ರೀಪಿನಿಂದ ಮುಂದಿನ ರೀಪಿಗೆ ಇರಬೇಕಾದ ಅಂತರ. ಆವೆಯಲ್ಲಿ ಸುಡುವಾಗ ಮಣ್ಣು ಕುಗ್ಗುವುದರಿಂದ ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ತುಸು ಬದಲಾಗುತ್ತದೆ. ಆದ್ದರಿಂದ ಹೆಂಚು ಬಂದ ಮೇಲೆ ಹನ್ನೊಂದನ್ನು ಸಮತಟ್ಟು ನೆಲದ ಮೇಲೆ ಒಂದರ ತುದಿಗೆ ಇನ್ನೊಂದು ಸಿಕ್ಕಿಸಿ ಸಾಲಾಗಿ ಜೋಡಿಸಿ. ಮೊದಲು ಒತ್ತಿ ಬಿಗಿಮಾಡಿ, ಮೊದಲನೆಯದರ ಗುಬುಟಿನಿಂದ ಹನ್ನೊಂದನೆಯದರ ಗುಬುಟಿನವರೆಗೆ ಅಳೆಯಿರಿ. ಆಮೇಲೆ ತೋಡು ಬಿಡದಷ್ಟು ಎಳೆದು ಇನ್ನೊಮ್ಮೆ ಅಳೆಯಿರಿ. 3.12 ಮತ್ತು 3.28 ಮೀಟರ್ ಬಂದರೆ ನಡುವಿನದು 3.20; ಹತ್ತರಿಂದ ಭಾಗಿಸಿದರೆ 32 ಸೆಂ.ಮೀ. ರೀಪು ಹೊಡೆಯುವುದು ಈ ಅಳತೆ ಸಿಕ್ಕಿದ ಮೇಲೆಯೇ. ಅಂತರ ಹೆಚ್ಚಾದರೆ ಒಂದರ ಮೇಲೊಂದು ಹೊದೆಯುವ ಭಾಗ ಕಡಿಮೆಯಾಗಿ, ಗಾಳಿ ತಳ್ಳಿದ ಮಳೆ ಒಳಗೆ ಹೊಗುತ್ತದೆ. ತೀರಾ ಕಡಿಮೆಯಾದರೆ ತೋಡು ಕೂರದೆ ಹೆಂಚಿನ ತುದಿ ಎದ್ದು ನಿಲ್ಲುತ್ತದೆ.

ಈಗ ಒಂದು ಮನೆಯ ಲೆಕ್ಕ ನೋಡೋಣ. ಉದ್ದ 9 ಮೀಟರ್, ಅಗಲ 6 ಮೀಟರ್, ಎರಡು ಇಳಿಜಾರಿನ ಮಾಡು, ಇಳಿಜಾರು 30 ಡಿಗ್ರಿ. ಸೂರು ಗೋಡೆಯಿಂದ 60 ಸೆಂ.ಮೀ. ಹೊರಗೆ, ಎರಡು ತುದಿಗಳಲ್ಲಿ 30 ಸೆಂ.ಮೀ. ಹೊರಗೆ. ನೆಲ 54 ಚದರ ಮೀಟರ್ ಎಂದುಕೊಂಡು ಹದಿನೈದರಿಂದ ಗುಣಿಸಿದರೆ 810 ಹೆಂಚು. ನಿಜವಾಗಿ ಬೇಕಾಗುವುದು ಸುಮಾರು ಒಂದೂವರೆ ಪಟ್ಟು.

ಮನೆಯ ಅರ್ಧ ಅಗಲ 3 ಮೀಟರಿಗೆ ಸೂರಿನ 0.6 ಸೇರಿಸಿದರೆ 3.6. ಅದು ಅಡ್ಡ ಅಳತೆ; 30 ಡಿಗ್ರಿ ಇಳಿಜಾರಿನ ಮೇಲೆ ಅದು 1.155 ಪಟ್ಟಾಗಿ 4.16 ಮೀಟರ್ ಆಗುತ್ತದೆ. 32 ಸೆಂ.ಮೀ.ನಿಂದ ಭಾಗಿಸಿದರೆ 13 ಸಾಲು. ಮಾಡಿನ ಉದ್ದ 9.6 ಮೀಟರನ್ನು 21 ಸೆಂ.ಮೀ.ನಿಂದ ಭಾಗಿಸಿದರೆ 45.7, ಅಂದರೆ ಸಾಲಿಗೆ 46. ತುದಿಯ ಹೆಂಚನ್ನು ಕತ್ತರಿಸುವ ಬದಲು ಮಾಡನ್ನು ಎರಡೂ ಕಡೆ ಮೂರು ಸೆಂ.ಮೀ. ಚಾಚಿದರೆ ಸಾಕು. 13ನ್ನು 46ರಿಂದ ಗುಣಿಸಿದರೆ ಒಂದು ಬದಿಗೆ 598, ಎರಡು ಬದಿಗೆ 1196. ಒಡೆಯುವುದಕ್ಕೆ ನೂರಕ್ಕೆ ಐದರಂತೆ ಸೇರಿಸಿ 1260 ತರಿಸಬೇಕು.

ನೆತ್ತಿಯ ರಿಡ್ಜ್ ಹೆಂಚನ್ನು ಚದರ ಮೀಟರಿನಲ್ಲಿ ಅಲ್ಲ, ಉದ್ದದಲ್ಲಿ ಎಣಿಸಬೇಕು. 40 ಸೆಂ.ಮೀ. ಉದ್ದದ ಹೆಂಚು ಇನ್ನೊಂದರ ಮೇಲೆ 7 ಸೆಂ.ಮೀ. ಹೊದ್ದರೆ ಉಳಿಯುವುದು 33, ಅಂದರೆ ಮೀಟರಿಗೆ ಮೂರು. 9.6 ಮೀಟರಿಗೆ 30 ಬೇಕು, ಎರಡು ಹೆಚ್ಚಿಗೆ ಇರಲಿ. ಗಾಳಿ ಹೊಡೆಯುವ ದಿಕ್ಕಿನ ಎದುರು ತುದಿಯಿಂದ ಕೂರಿಸುತ್ತ ಬಂದರೆ, ಸಂದಿಯ ಬಾಯಿ ಮಳೆಗೆ ಎದುರಾಗುವುದಿಲ್ಲ.

ರೀಪು ಒಂದು ಬದಿಗೆ ಸಾಲಿಗೊಂದರಂತೆ 13, ಜೊತೆಗೆ ಸೂರಿನ ಅಂಚಿಗೆ ಇನ್ನೊಂದು. ಈ ಕೊನೆಯದು ತುಸು ಎತ್ತರವಿರಬೇಕು, ಏಕೆಂದರೆ ಮೊದಲ ಸಾಲಿನ ಹೆಂಚಿನ ತಳಕ್ಕೆ ಆನಿಸಲು ಇನ್ನೊಂದು ಹೆಂಚು ಇರುವುದಿಲ್ಲ. ಒಟ್ಟು 28 ಸಾಲು, 9.6 ಮೀಟರಿನಂತೆ 269 ಮೀಟರ್. ಕತ್ತರಿಸಿ ವ್ಯರ್ಥವಾಗುವುದು ಸೇರಿ 285. ಪಕ್ಕಾಸು 60 ಸೆಂ.ಮೀ.ಗೊಂದರಂತೆ ಬದಿಗೆ 17, ಎರಡೂ ಬದಿಗೆ 34.

ಹೆಂಚೊಂದಕ್ಕೆ ಎರಡೂವರೆ ಕಿಲೋ ಹಿಡಿದರೂ ಈ ಮಾಡಿನ ಮೇಲೆ ಮೂರು ಟನ್ ಕೂರುತ್ತದೆ. ಮಳೆಗಾಲದಲ್ಲಿ ನೀರು ಹೀರಿ ಭಾರ ಇನ್ನೂ ಹೆಚ್ಚುತ್ತದೆ. ಮರ ಉಳಿಸಲೆಂದು ಪಕ್ಕಾಸಿನ ಅಂತರ ಹೆಚ್ಚಿಸಿದರೆ ಎರಡಿಂಚು ಅಗಲ, ಒಂದಿಂಚು ದಪ್ಪದ ರೀಪು ವರ್ಷ ಕಳೆದಂತೆ ಬಾಗುತ್ತದೆ. ಆಗ ಹೆಂಚಿನ ಸಾಲು ಅಲೆಯಂತೆ ಕಾಣುತ್ತದೆ, ತೋಡುಗಳು ಬಿಡುತ್ತವೆ, ಸೋರಿಕೆ ಶುರುವಾಗುತ್ತದೆ. ಇಂಥ ಸೋರಿಕೆಗೆ ಹೆಂಚು ಬದಲಿಸಿ ಪ್ರಯೋಜನವಿಲ್ಲ. ಬಾಗಿದ ರೀಪನ್ನು ಬದಲಿಸಿ, ನಡುವೆ ಪಕ್ಕಾಸು ಸೇರಿಸಬೇಕು.