ಪಿಎಫ್ ಇರಲಿ, ಪ್ರೊಬೇಷನ್ ಬದಲಾಗಲಿ

ಪ್ರಶ್ನೆ: ಕಾರ್ಖಾನೆಯ ನೇಮಕಾತಿ ಪತ್ರವನ್ನು ಕನ್ನಡದಲ್ಲಿ ಬರೆಯುವಾಗ ಯಾವ ಇಂಗ್ಲಿಷ್ ಪದಗಳನ್ನು ಉಳಿಸಿಕೊಳ್ಳಬೇಕು?

ಉತ್ತರ: ಆಯಾ ಪದದಿಂದ ಕಾರ್ಮಿಕರಿಗೆ ಏನು ಕೆಲಸವಾಗಬೇಕು ಎಂಬುದನ್ನು ಮೊದಲು ನೋಡಬೇಕು. ಪಿಎಫ್, ಯುಎಎನ್, ಇಎಸ್‌ಐ ಇವು ಕಚೇರಿಯಲ್ಲಿ ಕೇಳುವ, ಅರ್ಜಿಯಲ್ಲಿ ತುಂಬುವ ಹೆಸರುಗಳು. 12 ಅಂಕಿಗಳ ಯುಎಎನ್‌ಗೆ ಹೊಸ ಹೆಸರಿಟ್ಟರೆ, ಹಣ ಪಡೆಯಲು ಹೋದವರು ಪರದೆಯಲ್ಲಿ ಅದನ್ನು ಗುರುತಿಸಲಾರರು. ಆದ್ದರಿಂದ ಅವು ಹಾಗೆಯೇ ಇರಲಿ. ಪ್ರೊಬೇಷನ್, ಡಿಡಕ್ಷನ್, ಟರ್ಮಿನೇಷನ್ ಹಾಗಲ್ಲ. ಅವು ಹಕ್ಕು, ಹೊಣೆಗಳನ್ನು ಹೇಳುತ್ತವೆ. ‘ಆರು ತಿಂಗಳು ಪ್ರೊಬೇಷನ್’ ಎಂದು ಓದಿದವರಿಗೆ ಕೆಲಸ ಇನ್ನೂ ಕಾಯಂ ಆಗಿಲ್ಲವೆಂಬುದು ಹೊಳೆಯದಿರಬಹುದು. ‘ಆರು ತಿಂಗಳ ಪರೀಕ್ಷಾ ಅವಧಿ, ತೃಪ್ತಿಕರವಾದರೆ ಕಾಯಂ’ ಎಂದರೆ ಷರತ್ತು ಕಣ್ಣಿಗೆ ಕಾಣುತ್ತದೆ.

ಕನ್ನಡ ಪದಗಳು ಕೃತಕವೆನಿಸುತ್ತವೆ ಎಂಬ ಆಕ್ಷೇಪವಿದೆ. ಆದರೆ ತುಟ್ಟಿಭತ್ಯೆ, ಗಳಿಕೆ ರಜೆ, ಬಡ್ತಿ ಸರ್ಕಾರಿ ನೌಕರರ ದಿನಬಳಕೆಯಲ್ಲಿವೆ; ಬಳಕೆಯೇ ಅವನ್ನು ಸಹಜವಾಗಿಸಿದೆ. ಇಂಗ್ಲಿಷ್ ಉಳಿಸಿದರೆ ಕನ್ನಡ ಸೊರಗುತ್ತದೆ ಎಂಬ ಆತಂಕಕ್ಕೂ ಉತ್ತರವಿದೆ. ಗ್ರಾಚ್ಯುಟಿಯನ್ನು ‘ಉಪದಾನ’ ಎಂದಷ್ಟೇ ಬರೆದರೆ ಹಲವರಿಗೆ ತಿಳಿಯದು. ಗ್ರಾಚ್ಯುಟಿ ಎಂದೇ ಬರೆದು, ಅದು ದೀರ್ಘ ಸೇವೆಗೆ ಕೆಲಸ ಬಿಡುವಾಗ ಕೊಡುವ ಹಣವೆಂದು ವಿವರಿಸಿದರೆ, ಅರ್ಥದ ಭಾರವನ್ನು ಕನ್ನಡವೇ ಹೊರುತ್ತದೆ. ಒಮ್ಮೆ ಆರಿಸಿದ ಪದವನ್ನು ಪತ್ರದುದ್ದಕ್ಕೂ ಬದಲಿಸಬಾರದು. ಬದಲಿಸಿದರೆ ಓದುವವರು ಎರಡು ಬೇರೆ ಷರತ್ತುಗಳೆಂದು ಭಾವಿಸುತ್ತಾರೆ.