ಆಪರೇಷನ್ನಿನ ಹಿಂದಿನ ರಾತ್ರಿ

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ರೋಗಿಯ ಭಯ ಹಲವು ಬಾರಿ ಭಯವೆಂದು ಹೇಳಿಕೊಂಡು ಬರುವುದಿಲ್ಲ. ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಕಟ್ಟಿದ ಈ ಪುಟ್ಟ ಕಥೆಯಲ್ಲಿ ಅದು ಕರೆಗಂಟೆಯಾಗಿ ಬರುತ್ತದೆ. ಬೆಳಿಗ್ಗೆ ಪಿತ್ತಕೋಶದ ಆಪರೇಷನ್ ಇದ್ದ, ಐವತ್ತು ದಾಟಿದ ಮಹಿಳೆ ರಾತ್ರಿ 2 ಗಂಟೆಗೆ ಮೂರನೇ ಸಲ ಗಂಟೆ ಒತ್ತಿ, ಎದೆ ಡವಡವ ಎನ್ನುತ್ತಿದೆ ಎಂದರು. ನರ್ಸ್ ಮೊದಲು ನಾಡಿ, ಬಿಪಿ, ಆಮ್ಲಜನಕದ ಮಟ್ಟ ನೋಡಿದರು. ಎದೆನೋವು ಇದೆಯೇ ಎಂದು ವಿಚಾರಿಸಿದರು. ಪರೀಕ್ಷಿಸದೆ ಎಲ್ಲವನ್ನೂ ಗಾಬರಿಯ ಲೆಕ್ಕಕ್ಕೆ ಬರೆಯುವುದು ಅಪಾಯಕಾರಿ. ನಾಡಿ 104, ಉಳಿದದ್ದು ಸರಿಯಿತ್ತು.

ಆಮೇಲೆ ಅವರು ಸ್ಟೂಲ್ ಎಳೆದುಕೊಂಡು ಮಂಚದ ಮಟ್ಟಕ್ಕೆ ಕೂತರು. “ಏನು ಯೋಚನೆ ಕಾಡ್ತಿದೆ ಅಮ್ಮಾ?” ಉತ್ತರ ತಡವಾಯಿತು. ಆ ಮೌನವನ್ನು ನರ್ಸ್ ಮಾತಿನಿಂದ ತುಂಬಲಿಲ್ಲ.

“ಎಚ್ಚರಾನೇ ಆಗದಿದ್ರೆ, ಸಿಸ್ಟರ್?”

“ಏನೂ ಆಗಲ್ಲ” ಎಂದುಬಿಡುವುದು ಸುಲಭ. ಆದರೆ ಆ ಮಾತು ರೋಗಿಯ ಬಾಯಿ ಮುಚ್ಚಿಸುತ್ತದೆ, ಭಯವನ್ನಲ್ಲ. “ಅದು ಹೆದರಿಕೆ ಹುಟ್ಟಿಸೋ ಯೋಚನೇನೇ,” ಎಂದರು ನರ್ಸ್. “ಅರಿವಳಿಕೆ ಡಾಕ್ಟರು ಪೂರ್ತಿ ಹೊತ್ತು ನಿಮ್ಮನ್ನ ನೋಡ್ತಾ ಪಕ್ಕದಲ್ಲೇ ಇರ್ತಾರೆ. ಬೆಳಿಗ್ಗೆ ಅವರನ್ನೇ ಕೇಳಿ, ನಾನೂ ಹೇಳಿಸಿರ್ತೀನಿ.”

ಹತ್ತು ನಿಮಿಷ ಜೊತೆಗೆ ಕೂತ ಮೇಲೆ ನಾಡಿ 88ಕ್ಕೆ ಇಳಿಯಿತು. ನಿದ್ದೆ ಮಾತ್ರ ಬರಲಿಲ್ಲ. ನರ್ಸ್ ಆ ಪ್ರಶ್ನೆಯನ್ನು ದಾಖಲೆಯಲ್ಲಿ ಬರೆದು ಬೆಳಗಿನ ಪಾಳಿಯವರಿಗೆ ಒಪ್ಪಿಸಿದರು. ಅದನ್ನು ಮರೆತಿದ್ದರೆ ರಾತ್ರಿ ಕೊಟ್ಟ ಮಾತು ಸುಳ್ಳಾಗುತ್ತಿತ್ತು.