ಫೋಟೊ ನೋಡಿ ಚಿತ್ರ ಬಿಡಿಸ್ತೀರಾ? ಹಕ್ಕು ಯಾರದು ತಿಳಕೊಳ್ರಿ

ವಿಜಯಪುರ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಫೋಟೊ ನೋಡಿ ಚಿತ್ರ ಬಿಡಿಸಿಕೊಡೋ ಕಲಾವಿದರು ಅದಾರ. ‘ಫೋಟೊದಾಗ ಇರೋರು ಹೂಂ ಅಂದ್ರ ಸಾಕು’ ಅನ್ನೋದು ತಪ್ಪು ತಿಳಿವಳಿಕೆ.

ಬಾಗೇವಾಡಿ ಜಾತ್ರೆಯಲ್ಲಿ ಫೋಟೊಗ್ರಾಫರ್ ಒಬ್ಬರು ತಮ್ಮ ಖುಷಿಗೆ ಒಬ್ಬ ಅಜ್ಜನ ಫೋಟೊ ತೆಗೆದರು ಅಂದುಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಅದರ ಹಕ್ಕು ಫೋಟೊಗ್ರಾಫರ್‌ದು, ಅಜ್ಜನದಲ್ಲ. ಅದನ್ನೇ ನೋಡಿ ಹಾಗೇ ಪೇಂಟಿಂಗ್ ಮಾಡಿದರೂ, ಮೂರ್ತಿ ಮಾಡಿದರೂ 14ನೇ ಕಲಂ ಪ್ರಕಾರ ನಕಲೇ. ಆದರೆ ಅಜ್ಜನ ಮುಖ ಫೋಟೊಗ್ರಾಫರ್ ಸ್ವತ್ತಲ್ಲ. ಕಲಾವಿದ ಅಜ್ಜನ ಮುಂದೆ ಕೂತು ಬಿಡಿಸಿದರೆ ಅವರು ತಕರಾರು ಮಾಡುವಂತಿಲ್ಲ.

ಮದುವೆ ಫೋಟೊದ ಲೆಕ್ಕ ಬೇರೆ. ರೊಕ್ಕ ಕೊಟ್ಟು ತೆಗೆಸಿದ್ದರೆ, ಬೇರೆ ಕರಾರು ಇಲ್ಲದಿದ್ದರೆ, 17ನೇ ಕಲಂ ಪ್ರಕಾರ ತೆಗೆಸಿದವರೇ ಮಾಲೀಕರು. ಅಪ್ಪ ತೆಗೆಸಿದ್ದರೆ ಅಪ್ಪ, ಮದುಮಗಳಲ್ಲ!

ಹಾಗಂತ ಅವಳಿಗೆ ಹಕ್ಕಿಲ್ಲ ಅಂತಲ್ಲ. 2017ರ ಪುಟ್ಟಸ್ವಾಮಿ ತೀರ್ಪು (ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯೇ) ಖಾಸಗಿತನವನ್ನು ಮೂಲಭೂತ ಹಕ್ಕು ಅಂದಿದೆ. ಆ ಫೋಟೊ ನೋಡಿ ಸೀರೆ ಅಂಗಡಿ ಬ್ಯಾನರ್‌ಗೆ ಚಿತ್ರ ಬಿಡಿಸೋದಾದರೆ ಫೋಟೊಗೆ ಅಪ್ಪನ ಒಪ್ಪಿಗೆ ಬೇಕು, ಮುಖಕ್ಕೆ ಮಗಳದು. ಎರಡನ್ನೂ ಬರೆಸಿಕೊಳ್ಳೋದು ಒಳ್ಳೇದು.

ಹಳೇ ಫೋಟೊ ಆದರೆ ಫೋಟೊಗ್ರಾಫರ್ ತೀರಿಕೊಂಡ ವರ್ಷ ನೋಡಬೇಕು. ಅಲ್ಲಿಂದ 60 ವರ್ಷ ದಾಟಿದರೆ ಕೃತಿಸ್ವಾಮ್ಯ ಮುಗಿದಂತೆ.